ಯಂತ್ರಾನುವಾದದ ಹಿಂದಿ ಕಳಿಸೋ ಮುಂಚೆ ನಿಘಂಟು ತೆರೆಯಿರಿ: ‘ರಹಾ’ನೋ ‘ರಹೀ’ನೋ?

(ಈ ವಾರದ ಸಂಚಿಕೆಯ ಬರಹರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ವಿಷಯ ಒಬ್ಬ ಕೇಳುಗರು ಕಳಿಸಿದ ಸ್ಕ್ರೀನ್‌ಶಾಟ್‌ನಿಂದ ಬಂದಿದ್ದು. ಅವರು ಇಳಕಲ್ ಕಡೆಯವರು, ಮನೆಯಿಂದಲೇ ವಾಟ್ಸಾಪ್‌ನಲ್ಲಿ ಸೀರೆ ಮಾರ್ತಾರೆ. ಇಂದೋರ್‌ನ ಗಿರಾಕಿಯೊಬ್ಬರು ಎರಡು ಸೀರೆ ತಗೊಂಡಿದ್ರು. ಮೊದಲು ಫೋನ್‌ನಲ್ಲಿ ಮಾತಾಡಿದ್ರು, ಹರಕುಮುರುಕು ಹಿಂದಿಯಲ್ಲೇ ವ್ಯವಹಾರ ಕುದುರಿತು. ಆಮೇಲೆ ದುಡ್ಡು ಕೇಳೋ ಮೆಸೇಜನ್ನ ಮಾತ್ರ ಇವರು ಕನ್ನಡದಲ್ಲಿ ಬರೆದು, ಅನುವಾದದ ಆ್ಯಪ್‌ಗೆ ಹಾಕಿ, ಬಂದಿದ್ದನ್ನ ಹಾಗೇ ಕಳಿಸಿದ್ರು. ಆ ಕಡೆಯಿಂದ ದುಡ್ಡಿನ ಬದಲು ಒಂದು ಪ್ರಶ್ನೆ ಬಂತು: ‘ನೀವು ಯಾರು? ನಾನು ಮಾತಾಡಿದ್ದು ದೀದಿ ಹತ್ರ. ಅವರ ನಂಬರ್ ನಿಮ್ಮ ಕೈಗೆ ಹೇಗೆ ಬಂತು?’

ಆ ಗಿರಾಕಿಯದ್ದೇನೂ ತಪ್ಪಿಲ್ಲ. ಹೆಂಗಸಿನ ಜೊತೆ ಮಾತಾಡಿದ್ದಾರೆ, ಮೆಸೇಜ್ ಮಾತ್ರ ಗಂಡಸಿನ ಹಿಂದಿಯಲ್ಲಿ ಬಂದಿದೆ. ಈಗಿನ ಕಾಲದಲ್ಲಿ ದುಡ್ಡು ಹಾಕೋ ಮುಂಚೆ ಯಾರಿಗಾದ್ರೂ ಅನುಮಾನ ಬರೋದೇ.

ಇವರು ಬರೆದಿದ್ದ ಕನ್ನಡ ಇಷ್ಟೇ: ‘ನಿಮ್ಮ ಎರಡು ಸೀರೆ ನಿನ್ನೆ ಕಳಿಸಿದ್ದೆ. ದುಡ್ಡು ಇನ್ನೂ ಸಿಕ್ಕಿಲ್ಲ. ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇನೆ.’

ಆ್ಯಪ್ ಕೊಟ್ಟ ಹಿಂದಿಯನ್ನ ಕನ್ನಡ ಅಕ್ಷರದಲ್ಲಿ ಹೇಳ್ತೀನಿ: ‘ಮೈನೇ ಆಪ್‌ಕೀ ದೋ ಸಾಡೀ ಕಲ್ ಭೇಜ್ ದೀ ಥೀ. ಮುಝೇ ಅಭೀ ತಕ್ ಪೈಸೇ ನಹೀಂ ಮಿಲೇ ಹೈಂ. ಮೈಂ ಆಪ್‌ಕೇ ಉತ್ತರ್ ಕೀ ಪ್ರತೀಕ್ಷಾ ಕರ್ ರಹಾ ಹೂಂ.’

ಕಿವಿಗೆ ಚೆನ್ನಾಗೇ ಇದೆ, ಅಲ್ವಾ? ತೊಂದರೆ ಇರೋದೂ ಅಲ್ಲೇ. ಯಂತ್ರದ ಹಿಂದಿ ತಪ್ಪಾಗಿದ್ರೂ ಸರಾಗವಾಗಿರುತ್ತೆ.

ಕೊನೆಯ ವಾಕ್ಯದಿಂದ ಶುರು ಮಾಡೋಣ, ಗಿರಾಕಿಗೆ ಅನುಮಾನ ಬಂದಿದ್ದು ಅಲ್ಲೇ. ಕನ್ನಡದಲ್ಲಿ ‘ಕಾಯುತ್ತಿದ್ದೇನೆ’ ಅಂತ ಅಣ್ಣನೂ ಹೇಳಬಹುದು, ಅಕ್ಕನೂ ಹೇಳಬಹುದು. ‘ನಾನು’ ಅಂದಾಗ ನಮ್ಮ ಕ್ರಿಯಾಪದ ಗಂಡೋ ಹೆಣ್ಣೋ ಹೇಳಲ್ಲ. ‘ಬಂದನು, ಬಂದಳು’ ಅನ್ನೋ ಭೇದವೆಲ್ಲ ಬೇರೆಯವರ ಬಗ್ಗೆ ಮಾತಾಡುವಾಗ ಮಾತ್ರ. ಹಿಂದಿಯಲ್ಲಿ ಹಾಗಲ್ಲ. ಗಂಡಸಾದ್ರೆ ‘ಕರ್ ರಹಾ ಹೂಂ’, ಹೆಂಗಸಾದ್ರೆ ‘ಕರ್ ರಹೀ ಹೂಂ’. ಎರಡರಲ್ಲಿ ಒಂದನ್ನ ಆರಿಸಲೇಬೇಕು. ಕನ್ನಡ ವಾಕ್ಯದಲ್ಲಿ ಆ ಮಾಹಿತಿನೇ ಇಲ್ಲದ ಮೇಲೆ ಯಂತ್ರ ಊಹೆ ಮಾಡುತ್ತೆ. ಕಲಿತ ಬರಹಗಳಲ್ಲಿ ಯಾವ ರೂಪ ಹೆಚ್ಚಿತ್ತೋ ಅದನ್ನ ಹಾಕುತ್ತೆ, ಸಾಮಾನ್ಯವಾಗಿ ಅದು ಪುಲ್ಲಿಂಗ.

ನಮ್ಮಲ್ಲಿ ಬಹಳ ಜನ ಒಂದು ಉಪಾಯ ಮಾಡ್ತಾರೆ. ಬಂದ ಹಿಂದಿಯನ್ನ ಮತ್ತೆ ಅದೇ ಆ್ಯಪ್‌ಗೆ ಹಾಕಿ ಕನ್ನಡಕ್ಕೆ ತಿರುಗಿಸಿ ನೋಡೋದು. ಈ ತಪ್ಪು ಅದರಲ್ಲಿ ಸಿಕ್ಕಿಬೀಳೋದೇ ಇಲ್ಲ. ‘ರಹಾ ಹೂಂ’ ಹಾಕಿದ್ರೂ ‘ಕಾಯುತ್ತಿದ್ದೇನೆ’ ಬರುತ್ತೆ, ‘ರಹೀ ಹೂಂ’ ಹಾಕಿದ್ರೂ ಅದೇ ಬರುತ್ತೆ. ಯಾವ ಭೇದ ಕನ್ನಡದಲ್ಲಿ ಇಲ್ಲವೋ ಅದನ್ನ ಕನ್ನಡದಲ್ಲಿ ನೋಡಿ ಹಿಡಿಯೋಕೆ ಆಗಲ್ಲ. ಹಿಂದಿಯಲ್ಲೇ ನೋಡಬೇಕು.

ಈಗ ಅದೇ ವಾಕ್ಯದ ಇನ್ನೊಂದು ಮೂಲೆ. ‘ಉತ್ತರ್ ಕೀ ಪ್ರತೀಕ್ಷಾ’ ತೀರಾ ಪುಸ್ತಕದ ಭಾಷೆ ಆಯ್ತು ಅಂತ ನಿಮಗೆ ಅನಿಸುತ್ತೆ. ಸಿನಿಮಾ ಹಾಡುಗಳಲ್ಲಿ ಕೇಳಿದ ‘ಇಂತಜಾರ್’ ಇದೆಯಲ್ಲ, ಅದನ್ನ ಹಾಕೋಣ ಅಂತ ಒಂದು ಪದ ಮಾತ್ರ ಬದಲಾಯಿಸ್ತೀರಿ. ‘ಆಪ್‌ಕೇ ಉತ್ತರ್ ಕೀ ಇಂತಜಾರ್’ ಆಯ್ತು. ಅಲ್ಲಿಗೆ ಇನ್ನೊಂದು ತಪ್ಪು ಹುಟ್ಟಿಕೊಳ್ತು. ಈ ತಪ್ಪು ಯಂತ್ರದ್ದಲ್ಲ.

ಹಿಂದಿಯ ‘ಕಾ, ಕೇ, ಕೀ’ ನಮ್ಮ ‘-ಅ, -ಇನ’ ಇದ್ದ ಹಾಗೆ, ‘ರಾಮನ ಮನೆ, ರಾಮನ ಕಾರು’ ಅನ್ನೋದರಲ್ಲಿ ಬರುತ್ತಲ್ಲ, ಅದು. ಆದ್ರೆ ನಮ್ಮಲ್ಲಿ ‘ರಾಮನ’ ಅನ್ನೋದು ಮುಂದೆ ಏನೇ ಬಂದ್ರೂ ಬದಲಾಗಲ್ಲ. ಹಿಂದಿಯಲ್ಲಿ ಅದು ಮುಂದೆ ಬರೋ ಪದದ ಲಿಂಗ ನೋಡಿಕೊಂಡು ಬದಲಾಗುತ್ತೆ. ಹಿಂದಿನ ಪದದ್ದಲ್ಲ, ಮುಂದಿನ ಪದದ್ದು. ‘ಪ್ರತೀಕ್ಷಾ’ ಸ್ತ್ರೀಲಿಂಗ, ಹಾಗಾಗಿ ‘ಕೀ ಪ್ರತೀಕ್ಷಾ’. ‘ಇಂತಜಾರ್’ ಪುಲ್ಲಿಂಗ, ಹಾಗಾಗಿ ‘ಕಾ ಇಂತಜಾರ್’. ಎರಡರ ಅರ್ಥವೂ ಕಾಯುವಿಕೆಯೇ. ಆದ್ರೆ ಲಿಂಗ ಅರ್ಥಕ್ಕೆ ಅಂಟಿಕೊಂಡಿರಲ್ಲ, ಪದಕ್ಕೆ ಅಂಟಿಕೊಂಡಿರುತ್ತೆ. ಹಾಗಾಗಿ ಯಂತ್ರದ ಅನುವಾದದಲ್ಲಿ ನೀವು ಒಂದು ನಾಮಪದ ಬದಲಾಯಿಸಿದ್ರೆ ಅದರ ಹಿಂದಿನ ‘ಕಾ, ಕೀ’, ಅದಕ್ಕೆ ಅಂಟಿದ ವಿಶೇಷಣ, ಕೆಲವು ಸಲ ಕ್ರಿಯಾಪದದ ಕೊನೆ ಕೂಡ ಮತ್ತೆ ನೋಡಬೇಕು.

ಲಿಂಗ ಗೊತ್ತಾಗೋದು ಹೇಗೆ? ಇಲ್ಲಿ ನಿಘಂಟು ಬರುತ್ತೆ. ಕಾಶಿಯ ನಾಗರೀ ಪ್ರಚಾರಿಣೀ ಸಭಾ ಮಾಡಿಸಿದ ‘ಹಿಂದೀ ಶಬ್ದಸಾಗರ’ ಅಂತ ದೊಡ್ಡ ನಿಘಂಟಿದೆ. ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದ `dsal.uchicago.edu` ಜಾಲತಾಣದಲ್ಲಿ ಅದನ್ನ ಫೋನಿನಿಂದಲೇ ಹುಡುಕಬಹುದು, ದುಡ್ಡು ಕೊಡಬೇಕಿಲ್ಲ. ಪ್ಲಾಟ್ಸ್ ಅನ್ನೋರ 1884ರ ಉರ್ದು–ಹಿಂದಿ–ಇಂಗ್ಲಿಷ್ ನಿಘಂಟೂ ಅಲ್ಲೇ ಇದೆ. ಶಬ್ದಸಾಗರದಲ್ಲಿ ಪದದ ಪಕ್ಕದಲ್ಲೇ ಪುಟ್ಟದಾಗಿ ಹೀಗೆ ಇರುತ್ತೆ:

```
संज्ञा पुं॰
संज्ञा स्त्री॰
```

ಮೊದಲನೆಯದು ಪುಲ್ಲಿಂಗದ ನಾಮಪದ, ಎರಡನೆಯದು ಸ್ತ್ರೀಲಿಂಗದ ನಾಮಪದ. ನಾವು ಅವಸರದಲ್ಲಿ ಅರ್ಥಕ್ಕೆ ಹಾರಿಬಿಡ್ತೀವಿ, ಈ ಎರಡಕ್ಷರ ಕಣ್ಣಿಗೇ ಬೀಳಲ್ಲ. ಇವತ್ತಿನ ಕೆಲಸಕ್ಕೆ ಅರ್ಥಕ್ಕಿಂತ ಅದೇ ಮುಖ್ಯ.

ಹುಡುಕುವಾಗ ಎರಡು ಜಾಗ್ರತೆ ಬೇಕು. ಒಂದು, ಬಹುವಚನ ರೂಪ ಹಾಕಿದ್ರೆ ಸಿಗದೇ ಇರಬಹುದು, ಏಕವಚನ ಹಾಕಿ. ಕ್ರಿಯಾಪದವಾದ್ರೆ ‘ಭೇಜ್ನಾ, ಮಿಲ್ನಾ’ ಅಂತ ‘ನಾ’ ಸೇರಿಸಿ ಹಾಕಬೇಕು. ಎರಡು, ‘ಇಂತಜಾರ್’ ಪದದಲ್ಲಿ ‘ಜ’ ಕೆಳಗೆ ಒಂದು ಚುಕ್ಕಿ ಇರುತ್ತೆ, ಅದಕ್ಕೆ ನುಕ್ತಾ ಅಂತಾರೆ. ಹಳೆಯ ನಿಘಂಟುಗಳಲ್ಲಿ ಎಷ್ಟೋ ಪದಗಳು ನುಕ್ತಾ ಇಲ್ಲದೆ ಇರ್ತಾವೆ. ಚುಕ್ಕಿ ಹಾಕಿ ಸಿಗದಿದ್ರೆ ಚುಕ್ಕಿ ತೆಗೆದು ನೋಡಿ.

‘ನಮಗೆ ಸಂಸ್ಕೃತ ಪದಗಳೆಲ್ಲ ಗೊತ್ತಿವೆ, ಊಹೆ ಮಾಡ್ಕೋತೀವಿ’ ಅಂತ ಕೆಲವರು ಅಂದುಕೊಳ್ತಾರೆ. ಬೇಡ. ಕನ್ನಡದಲ್ಲಿ ‘ಪುಸ್ತಕ, ವಸ್ತು, ಆತ್ಮ’ ಮೂರೂ ನಪುಂಸಕಲಿಂಗ. ಹಿಂದಿಯಲ್ಲಿ ನಪುಂಸಕವೇ ಇಲ್ಲ, ಮೂರೂ ಸ್ತ್ರೀಲಿಂಗ. ಸಂಸ್ಕೃತದಲ್ಲಿ ‘ಆತ್ಮ’ ಪುಲ್ಲಿಂಗ! ಶಾಲೆಯಲ್ಲಿ ಕಲಿತ ಸಂಸ್ಕೃತ ಇಲ್ಲಿ ದಾರಿ ತಪ್ಪಿಸುತ್ತೆ.

ಇನ್ನು ಮೊದಲ ವಾಕ್ಯ: ‘ದೋ ಸಾಡೀ ಕಲ್ ಭೇಜ್ ದೀ ಥೀ.’ ಕನ್ನಡದಲ್ಲಿ ‘ಎರಡು ಸೀರೆ’ ಅಂದ್ರೆ ಸಾಕು, ‘ಎರಡು ಸೀರೆಗಳು’ ಅಂತ ಯಾರೂ ಅಂಗಡಿಯಲ್ಲಿ ಕೇಳಲ್ಲ. ಸಂಖ್ಯೆ ಹೇಳಿದ ಮೇಲೆ ಬಹುವಚನದ ಗುರುತು ನಮಗೆ ಬೇಕಿಲ್ಲ. ಯಂತ್ರ ಅದನ್ನೇ ಹಿಂದಿಗೂ ದಾಟಿಸಿದೆ. ಬರಹದ ಹಿಂದಿಯಲ್ಲಿ ‘ದೋ ಸಾಡಿಯಾಂ’ ಆಗಬೇಕು, ಕೊನೆಯಲ್ಲಿ ‘ಥೀ’ ಬದಲು ‘ಥೀಂ’ ಆಗಬೇಕು. ಆ ಒಂದು ಅನುಸ್ವಾರವೇ ಅಲ್ಲಿ ಬಹುವಚನ. ಮಾತಲ್ಲಿ ‘ದೋ ಸಾಡೀ’ ಅನ್ನೋದು ಉತ್ತರದಲ್ಲೂ ಕೇಳಿಬರುತ್ತೆ, ಅದರಿಂದ ವ್ಯಾಪಾರ ಕೆಡಲ್ಲ. ಆದ್ರೆ ಬಿಲ್, ಅರ್ಜಿ, ದೂರಿನ ಪತ್ರದಲ್ಲಿ ಬರೆಯೋದಾದ್ರೆ ತಿದ್ದಿ.

ಬಹುವಚನದ ವಿಷಯದಲ್ಲಿ ನಿಘಂಟು ಅರ್ಧ ದಾರಿ ಮಾತ್ರ ಬರುತ್ತೆ. ‘ಸಾಡೀ’ ಹತ್ರ ‘ಸಾಡಿಯಾಂ’ ಅಂತ ಸಾಮಾನ್ಯವಾಗಿ ಬರೆದಿರಲ್ಲ. ಲಿಂಗ ಹೇಳುತ್ತೆ, ಉಳಿದಿದ್ದು ನಾವೇ ಕಟ್ಟಿಕೊಳ್ಳಬೇಕು. ಪುಲ್ಲಿಂಗ ಪದ ‘ಆ’ದಿಂದ ಮುಗಿದ್ರೆ ‘ಏ’ ಆಗುತ್ತೆ, ‘ಕಪಡಾ, ಕಪಡೇ’ ಇದ್ದ ಹಾಗೆ. ಬೇರೆ ಪುಲ್ಲಿಂಗ ಪದಗಳು ಹೆಚ್ಚಾಗಿ ಬದಲಾಗಲ್ಲ, ‘ಏಕ್ ರಂಗ್, ದೋ ರಂಗ್’. ಸ್ತ್ರೀಲಿಂಗ ‘ಈ’ದಿಂದ ಮುಗಿದ್ರೆ ‘ಇಯಾಂ’, ಉಳಿದ ಸ್ತ್ರೀಲಿಂಗಕ್ಕೆ ಸಾಮಾನ್ಯವಾಗಿ ‘ಏಂ’: ‘ಕಿತಾಬ್, ಕಿತಾಬೇಂ’.

ಇದರಲ್ಲಿ ಲಿಂಗ ಯಾಕೆ ಮೊದಲು ಗೊತ್ತಿರಬೇಕು ಅನ್ನೋದಕ್ಕೆ ಅದೇ ಸೀರೆ ವ್ಯಾಪಾರದ ಇನ್ನೊಂದು ಪದ ತಗೊಳ್ಳಿ: ‘ಮೋತೀ’, ಅಂದ್ರೆ ಮುತ್ತು. ‘ಸಾಡೀ’ ಥರಾನೇ ‘ಈ’ದಿಂದ ಮುಗಿಯುತ್ತೆ. ಆದ್ರೆ ನಿಘಂಟು ತೆರೆದ್ರೆ ಪುಲ್ಲಿಂಗ ಅಂತಿದೆ. ಹಾಗಾಗಿ ‘ಮೋತಿಯಾಂ’ ಅನ್ನೋ ಪದವೇ ಇಲ್ಲ, ‘ದಸ್ ಮೋತೀ’ ಅಷ್ಟೇ. ‘ಪಾನೀ, ಘೀ, ಹಾಥೀ’ ಕೂಡ ಇದೇ ಗುಂಪು. ‘ಈ’ ಇದ್ರೆ ಸ್ತ್ರೀಲಿಂಗ ಅಂತ ಶಾಲೆಯಲ್ಲಿ ಹೇಳಿಕೊಟ್ಟ ಸೂತ್ರ ಈ ಪದಗಳ ಹತ್ರ ಕೈಕೊಡುತ್ತೆ.

ಮಧ್ಯದ ವಾಕ್ಯ, ದುಡ್ಡಿಂದು, ‘ಮುಝೇ ಪೈಸೇ ನಹೀಂ ಮಿಲೇ ಹೈಂ’. ಇದನ್ನ ಮುಟ್ಟಬೇಡಿ, ಸರಿಯಾಗಿದೆ. ‘ನನಗೆ ದುಡ್ಡು ಸಿಕ್ಕಿಲ್ಲ’ ಅನ್ನೋ ನಮ್ಮ ವಾಕ್ಯದ ಕಟ್ಟೇ ಅಲ್ಲೂ ಇದೆ: ‘ನನಗೆ’, ‘ಮುಝೇ’. ಇಲ್ಲಿ ಕ್ರಿಯಾಪದ ದುಡ್ಡನ್ನ ನೋಡಿಕೊಂಡು ಹೋಗುತ್ತೆ, ಹೇಳೋರು ಗಂಡೋ ಹೆಣ್ಣೋ ಅದಕ್ಕೆ ಬೇಕಿಲ್ಲ.

ಈಗ ಒಂದು ವಿಚಿತ್ರ ಗಮನಿಸಿ. ಮೊದಲ ವಾಕ್ಯದಲ್ಲೂ ‘ನಾನು ಕಳಿಸಿದ್ದೆ’ ಅಂತಲೇ ಇದೆ, ಆದ್ರೆ ಅಲ್ಲಿ ಗಂಡು-ಹೆಣ್ಣಿನ ತಪ್ಪು ಆಗಲೇ ಇಲ್ಲ. ಯಾಕೆ? ಅಲ್ಲಿ ‘ಮೈನೇ’ ಇದೆ. ಹಿಂದಿಯಲ್ಲಿ ಸಕರ್ಮಕ ಕ್ರಿಯಾಪದ ಮುಗಿದ ಕೆಲಸದ ರೂಪದಲ್ಲಿ ಬಂದಾಗ ಕರ್ತೃವಿಗೆ ‘ನೇ’ ಹತ್ತುತ್ತೆ, ಕ್ರಿಯಾಪದ ಕರ್ತೃವನ್ನ ಬಿಟ್ಟು ಕರ್ಮದ ಹಿಂದೆ ಹೋಗುತ್ತೆ. ‘ಭೇಜ್ ದೀ’ ಅನ್ನೋದರ ‘ದೀ’ ಕಳಿಸಿದವರದ್ದಲ್ಲ, ಸೀರೆಯದ್ದು. ಗಂಡಸು ಕಳಿಸಿದ್ರೂ ‘ಮೈನೇ ಸಾಡೀ ಭೇಜ್ ದೀ’.

ಆದ್ರೆ ಅದೇ ಅರ್ಥಕ್ಕೆ ಯಂತ್ರ ಬೇರೆ ರೂಪ ಕೊಡಬಹುದು: ‘ಮೈಂ ಸಾಡಿಯಾಂ ಭೇಜ್ ಚುಕಾ ಹೂಂ’, ಅಂದ್ರೆ ಕಳಿಸಿ ಆಗಿದೆ. ‘ಚುಕ್ನಾ’ ಬಂದ ಕೂಡಲೇ ‘ನೇ’ ಹೋಯ್ತು, ಕ್ರಿಯಾಪದ ಮತ್ತೆ ಕರ್ತೃವಿನ ಹಿಂದೆ ಬಂತು. ಹೆಂಗಸು ಬರೆಯೋದಾದ್ರೆ ‘ಚುಕೀ ಹೂಂ’ ಆಗಬೇಕು. ಹಾಗಾಗಿ ‘ನಾನು’ ಇರೋ ವಾಕ್ಯದಲ್ಲಿ ಮೊದಲು ಕಣ್ಣು ಹಾಕಬೇಕಾದ್ದು ‘ಮೈಂ’ ಇದೆಯೋ ‘ಮೈನೇ’ ಇದೆಯೋ ಅನ್ನೋದಕ್ಕೆ. ‘ಮೈಂ’ ಇದ್ರೆ ಕೊನೆಯ ‘ರಹಾ, ಚುಕಾ, ಗಯಾ, ತಾ’ ಎಲ್ಲ ನಿಮ್ಮ ಲಿಂಗಕ್ಕೆ ಹೊಂದಬೇಕು. ‘ಮೈನೇ’ ಇದ್ರೆ ಕಳಿಸಿದ ವಸ್ತುವಿನ ಲಿಂಗ, ವಚನ ನೋಡಿ.

‘ಹಾಗಾದ್ರೆ ಕ್ರಿಯಾಪದ ಸಕರ್ಮಕವೋ ಅಲ್ಲವೋ ಅಂತ ನಿಘಂಟಿನಲ್ಲಿ ನೋಡಿಬಿಟ್ರೆ ಆಯ್ತಲ್ಲ’ ಅಂತ ಅನಿಸಬಹುದು. ಶಬ್ದಸಾಗರದಲ್ಲಿ ಅದಕ್ಕೂ ಗುರುತಿದೆ, `क्रि॰ स॰` ಅಂದ್ರೆ ಸಕರ್ಮಕ, `क्रि॰ अ॰` ಅಂದ್ರೆ ಅಕರ್ಮಕ. ಹೆಚ್ಚಿನ ಸಲ ಇದು ಸಾಕಾಗುತ್ತೆ. ಆದ್ರೆ ಇಲ್ಲೇ ನಿಘಂಟಿನ ಮಿತಿಯೂ ಕಾಣುತ್ತೆ.

ಒಂದು ವಾಕ್ಯ ಪರೀಕ್ಷೆ ಮಾಡೋಣ: ‘ತಮ್ಮ ಸೀರೆ ವಾಪಸ್ ತಂದ.’ ಯಂತ್ರ ಹೇಳುತ್ತೆ: ‘ಭಾಈ ಸಾಡೀ ವಾಪಸ್ ಲಾಯಾ.’ ನೀವು ಈಗ ಹುಷಾರಾಗಿದ್ದೀರಿ. ‘ಲಾನಾ’ ತೆರೆದು ನೋಡ್ತೀರಿ, ಸಕರ್ಮಕ ಅಂತಿದೆ. ಸೀರೆ ಸ್ತ್ರೀಲಿಂಗ. ಸೂತ್ರ ಹಾಕಿದ್ರೆ ‘ಭಾಈ ನೇ ಸಾಡೀ ವಾಪಸ್ ಲಾಈ’ ಬರುತ್ತೆ. ಯಂತ್ರ ತಪ್ಪು ಮಾಡ್ತು ಅಂತ ತಿದ್ದಿಬಿಡ್ತೀರಿ. ಆದ್ರೆ ಸರಿ ಇದ್ದಿದ್ದು ಯಂತ್ರವೇ. ‘ಲಾನಾ’ ಸಕರ್ಮಕವಾದ್ರೂ ‘ನೇ’ ತಗೊಳ್ಳಲ್ಲ. ‘ಭೂಲ್ನಾ’, ಅಂದ್ರೆ ಮರೆಯೋದು, ಅದೂ ಹಾಗೇ: ‘ಮೈಂ ಭೂಲ್ ಗಈ’. ನಿಘಂಟಿನ ಆ ಪುಟ್ಟ ಗುರುತಿನಲ್ಲಿ ಈ ಸಂಗತಿ ಹಿಡಿಯಲ್ಲ. ಹಿಂದಿಯವರು ಬರೆದ ನಾಲ್ಕು ವಾಕ್ಯ ನೋಡಿದ್ರೆ ಮಾತ್ರ ಗೊತ್ತಾಗುತ್ತೆ.

ಉದಾಹರಣೆ ವಾಕ್ಯ ಹುಡುಕೋಕೆ ವಿಶೇಷ ಸಾಧನ ಬೇಕಿಲ್ಲ. ನಿಮಗೆ ಅನುಮಾನ ಇರೋ ತುಂಡನ್ನ ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಪೂರ್ತಿ ವಾಕ್ಯ ಹಾಕಬೇಡಿ, ಎರಡು ಮೂರು ಪದ ಸಾಕು:

```
"का इंतज़ार"
"की इंतज़ार"
```

ಎರಡಕ್ಕೂ ಫಲಿತಾಂಶ ಬರುತ್ತೆ, ಗಾಬರಿ ಬೇಡ. ಮೇಲೆ ಕಾಣೋ ಸಂಖ್ಯೆ ನೋಡಿ ತೀರ್ಮಾನ ಮಾಡಬೇಡಿ, ಅದು ಅಂದಾಜಿನ ಸಂಖ್ಯೆ. ಯಾರು ಬರೆದಿದ್ದು ಅಂತ ನೋಡಿ. ಹಿಂದಿ ಪತ್ರಿಕೆಯ ವರದಿಯೋ, ಕಥೆಯೋ ಆದ್ರೆ ತೂಕ ಹೆಚ್ಚು. ಹತ್ತಾರು ಭಾಷೆಗಳಲ್ಲಿ ಒಂದೇ ವಿವರಣೆ ಇರೋ ಸಾಮಾನು ಮಾರಾಟದ ಪುಟವಾದ್ರೆ ಬಿಟ್ಟುಬಿಡಿ. ಅದೂ ಯಂತ್ರದ ಅನುವಾದವೇ ಇರಬಹುದು. ಆಗ ನೀವು ಯಂತ್ರದ ಮಾತಿಗೆ ಯಂತ್ರದ್ದೇ ಸಾಕ್ಷಿ ಹುಡುಕಿದ ಹಾಗಾಯ್ತು. ಟಟೋಎಬಾ ಅಂತ ಒಂದು ವಾಕ್ಯಗಳ ಸಂಗ್ರಹ ಇದೆ, `tatoeba.org`. ಅಲ್ಲಿ ಪ್ರತಿ ವಾಕ್ಯ ಯಾವ ಸದಸ್ಯರು ಸೇರಿಸಿದ್ದು ಅಂತ ಕಾಣುತ್ತೆ. ಪ್ರೇಮಚಂದರ ಕಥೆಗಳೂ ಅಂತರ್ಜಾಲದಲ್ಲಿ ಓದೋಕೆ ಸಿಗುತ್ತವೆ. ಭಾಷೆ ಸ್ವಲ್ಪ ಹಳೇದು, ಅವರು ತೀರಿಕೊಂಡಿದ್ದೇ 1936ರಲ್ಲಿ, ಆದ್ರೆ ‘ನೇ’ ಎಲ್ಲಿ ಬರುತ್ತೆ ಎಲ್ಲಿ ಬರಲ್ಲ ಅಂತ ನೋಡೋಕೆ ಧಾರಾಳ ಸಾಕು.

ಉದಾಹರಣೆ ಓದುವಾಗ ಒಂದು ಮೋಸ ಇದೆ. ‘ಕೇ ಇಂತಜಾರ್ ಮೇಂ’ ಅಂತ ಕಂಡ್ರೆ ‘ಓ, ಕೇ ಇದೆ, ಬಹುವಚನ’ ಅಂದ್ಕೋಬೇಡಿ. ಮುಂದೆ ‘ಮೇಂ, ಸೇ, ಪರ್’ ಥರದ ಪ್ರತ್ಯಯ ಬಂದ್ರೆ ಪುಲ್ಲಿಂಗದ ‘ಕಾ’ ‘ಕೇ’ ಆಗಿಬಿಡುತ್ತೆ. ಆದ್ರೆ ‘ಕೀ’ ಅಲ್ಲ ಅನ್ನೋದರಿಂದ ಸ್ತ್ರೀಲಿಂಗ ಅಲ್ಲ ಅಂತ ಅದೂ ಸಾಕ್ಷಿ ಹೇಳುತ್ತೆ.

ಈಗ ನಮ್ಮ ಕೇಳುಗರ ಮೆಸೇಜ್ ಸರಿಯಾದ ಮೇಲೆ ಹೀಗಿದೆ: ‘ಮೈನೇ ಆಪ್‌ಕೀ ದೋ ಸಾಡಿಯಾಂ ಕಲ್ ಭೇಜ್ ದೀ ಥೀಂ. ಮುಝೇ ಅಭೀ ತಕ್ ಪೈಸೇ ನಹೀಂ ಮಿಲೇ ಹೈಂ. ಮೈಂ ಆಪ್‌ಕೇ ಜವಾಬ್ ಕಾ ಇಂತಜಾರ್ ಕರ್ ರಹೀ ಹೂಂ.’ ‘ಉತ್ತರ್’ ತೆಗೆದು ‘ಜವಾಬ್’ ಹಾಕಿದ್ದು ಮಾತಿಗೆ ಹತ್ತಿರ ಇರಲಿ ಅಂತ. ಎರಡೂ ಪುಲ್ಲಿಂಗ, ಹಾಗಾಗಿ ‘ಆಪ್‌ಕೇ’ ಹಾಗೇ ಉಳೀತು. ಪಕ್ಕದಲ್ಲಿ ‘ಕಾ’ ಇರೋದರಿಂದ ‘ಆಪ್‌ಕಾ’ ಆಗದೆ ‘ಆಪ್‌ಕೇ’ ಆಗಿದೆ, ಈಗಷ್ಟೇ ಹೇಳಿದ್ನಲ್ಲ, ಅದೇ ಕಾರಣ.

ಅಲ್ಲಿ ‘ಕಲ್’ ಬಗ್ಗೆ ಒಂದು ಮಾತು ಹೇಳಲೇಬೇಕು. ಹಿಂದಿಯಲ್ಲಿ ನಿನ್ನೆಗೂ ‘ಕಲ್’, ನಾಳೆಗೂ ‘ಕಲ್’. ಯಾವುದು ಅಂತ ಹೇಳೋದು ಕ್ರಿಯಾಪದ ಮಾತ್ರ. ‘ಭೇಜ್ ದೀ ಥೀಂ’ ಅಂದ್ರೆ ನಿನ್ನೆ, ‘ಭೇಜೂಂಗೀ’ ಅಂದ್ರೆ ನಾಳೆ. ಕ್ರಿಯಾಪದದ ಕೊನೆ ಕೆಟ್ಟರೆ ಗಿರಾಕಿ ಪಾರ್ಸೆಲ್ ಹೊರಟಿದೆಯೋ ಇಲ್ಲವೋ ಅಂತಲೇ ಗೊಂದಲಕ್ಕೆ ಬೀಳ್ತಾರೆ. ಅನುಮಾನ ಇದ್ರೆ ತಾರೀಖು ಹಾಕಿಬಿಡಿ, ನಾನಂತೂ ಹಾಕ್ತೀನಿ.

ಪ್ರತಿ ಮೆಸೇಜಿಗೂ ಇಷ್ಟೆಲ್ಲ ಮಾಡಬೇಕಾ? ಬೇಡ. ‘ಬಸ್ ಎಷ್ಟು ಗಂಟೆಗೆ’ ಅಂತ ಕೇಳೋಕೆ ನಿಘಂಟು ತೆರೆಯೋರು ಯಾರೂ ಇಲ್ಲ. ದುಡ್ಡು, ತಾರೀಖು, ‘ನಾನು’ ಇರೋ ವಾಕ್ಯಗಳು, ಇಷ್ಟಕ್ಕೆ ಮಾತ್ರ ನಾನು ನಿಲ್ಲಿಸಿ ನೋಡ್ತೀನಿ. ಮೂರು ವಾಕ್ಯದ ಮೆಸೇಜಿಗೆ ಎರಡೋ ಮೂರೋ ಪದ ಹುಡುಕಿದ್ರೆ ಮುಗೀತು.

ಹುಡುಕಿದ ಮೇಲೂ ಕೆಲವು ಪದ ತಲೆಹರಟೆ ಮಾಡ್ತಾವೆ. ಮೊಸರಿಗೆ ಹಿಂದಿಯಲ್ಲಿ ‘ದಹೀ’. ನಿಘಂಟು ಪುಲ್ಲಿಂಗ ಅನ್ನುತ್ತೆ, ‘ದಹೀ ಖಟ್ಟಾ ಹೈ’. ಉತ್ತರದಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನ ‘ದಹೀ ಖಟ್ಟೀ ಹೈ’ ಅಂತಾರೆ. ಬರೆಯುವಾಗ ನಿಘಂಟಿನ ಜೊತೆ ಹೋಗಿ. ಊಟಕ್ಕೆ ಕೂತಾಗ ಬಡಿಸೋರು ಹೇಗೆ ಹೇಳ್ತಾರೋ ಹಾಗೆ ಹೇಳಿ, ಮೊಸರು ಹಾಕಿಸಿಕೊಳ್ಳಿ.

ಮುಂದಿನ ವಾರ ಸಿಗೋಣ.